ಒಂದೇ ಫೋಟೋ ಮೂರು ಲ್ಯಾಪ್‌ಟಾಪ್‌ನಲ್ಲಿ ಮೂರು ಬಣ್ಣ: ವರ್ಕ್‌ಶಾಪ್‌ಗೆ ಬರೋ ಮುಂಚೆ ಇಷ್ಟು ಚೆಕ್ ಮಾಡ್ಕೊಂಡು ಬನ್ನಿ

ಎಡಿಟ್ ಮಾಡಿದ ಫೋಟೋಗಳನ್ನ ಪಕ್ಕಪಕ್ಕ ಇಟ್ಕೊಂಡು ನೋಡೋಕೆ ಕೂತಾಗ "ಸ್ಕಿನ್ ಟೋನ್ ಜಾಸ್ತಿ ಕೆಂಪಾಗಿದೆ", "ಇಲ್ಲ ನನ್ನಲ್ಲಿ ಸರಿಯಾಗೇ ಕಾಣ್ತಿದೆ" ಅಂತ ಮಾತು ಶುರುವಾಗುತ್ತೆ. ಅಲ್ಲಿ ನಿಜವಾಗ್ಲೂ ಎಡಿಟಿಂಗ್ ಬಗ್ಗೆ ಚರ್ಚೆ ನಡೀತಾ ಇದೆಯಾ ಇಲ್ಲಾ ಇಬ್ಬರ ಸ್ಕ್ರೀನ್ ಬಗ್ಗೆ ನಡೀತಾ ಇದೆಯಾ ಅಂತ ಮೊದಲು ಗೊತ್ತಾಗ್ಬೇಕು, ಇಲ್ಲಾಂದ್ರೆ ಚೆನ್ನಾಗಿ ಎಡಿಟ್ ಮಾಡಿದವರ ಕೆಲಸಾನೇ ತಪ್ಪು ಅಂತ ಆಗೋಗುತ್ತೆ. ಬಣ್ಣ ಬೇರೆ ಬೇರೆ ಕಾಣೋಕೆ ಕಾರಣ ಮೂರು ಜಾಗದಲ್ಲಿ ಇರ್ಬಹುದು. ಫೈಲ್, ಫೈಲ್ ತೆರೆಯೋ ಆಪ್, ಮತ್ತೆ ಸ್ಕ್ರೀನ್. ಈ ಮೂರರಲ್ಲಿ ಯಾವುದು ಅಂತ ಹುಡುಕೋದು ಹೇಗೆ ಅನ್ನೋದಷ್ಟೇ ಇಲ್ಲಿ ಬರೀತಾ ಇದೀನಿ.

ಉದಾಹರಣೆಗೆ ಒಂದು ಪೋರ್ಟ್ರೇಟ್ ತಗೊಳ್ಳೋಣ, ಕೆಂಪು ಸ್ವೆಟರ್ ಹಾಕಿರೋ ಒಬ್ರು, ಕಿಟಕಿ ಪಕ್ಕದ ಬೆಳಕು, ಹಿಂದೆ ಬಿಳಿ ಗೋಡೆ. ಒಂದೇ ಫೋಟೋನ ಮೂರು ಲ್ಯಾಪ್‌ಟಾಪ್‌ನಲ್ಲಿ ತೆರೆದಿದೀವಿ. ಮೊದಲನೇದು ಸಾಧಾರಣ ಪ್ಯಾನೆಲ್‌ನ ವಿಂಡೋಸ್ ಲ್ಯಾಪ್‌ಟಾಪ್, ಅದರಲ್ಲಿ ಸ್ವೆಟರ್ ಮಂಕಾಗಿ ಇಟ್ಟಿಗೆ ಬಣ್ಣಕ್ಕೆ ತಿರುಗಿದೆ. ಎರಡನೇದು ಓಲೆಡ್ ಸ್ಕ್ರೀನ್ ಇರೋ ವಿಂಡೋಸ್ ಲ್ಯಾಪ್‌ಟಾಪ್, ಅದರಲ್ಲಿ ಸ್ವೆಟರ್ ಕಣ್ಣಿಗೆ ಹೊಡಿಯುತ್ತೆ, ಮುಖ ಕಿತ್ತಳೆ ಆಗಿದೆ. ಮೂರನೇದು ಮ್ಯಾಕ್‌ಬುಕ್, ಅಲ್ಲಿ ಎಲ್ಲಾ ಸರಿ ಅನ್ಸಿದ್ರೂ ಬಿಳಿ ಗೋಡೆಗೆ ಹಳದಿ ಛಾಯೆ ಬಂದಿದೆ. ಮೂರಕ್ಕೂ ಕಾರಣ ಬೇರೆ ಬೇರೆ, ಒಂದೊಂದಾಗಿ ಬಿಡಿಸ್ತಾ ಹೋಗೋಣ.

ಮೊದಲು, ಎಲ್ಲರ ಹತ್ರ ಇರೋದು ಒಂದೇ ಫೈಲಾ?

ಕೇಳೋಕೆ ಇದು ತೀರಾ ಸಣ್ಣ ಪ್ರಶ್ನೆ, ಆದ್ರೆ ಇದನ್ನ ಬಿಟ್ಟು ಮುಂದೆ ಹೋದ್ರೆ ಉಳಿದಿದ್ದೆಲ್ಲಾ ದಂಡ. ಮೆಸೇಜಿಂಗ್ ಆಪ್‌ನಲ್ಲಿ ಫೋಟೋ ಅಂತ ಕಳಿಸಿದ್ರೆ ಅದು ಸೈಜ್ ಇಳಿಸಿ ಮತ್ತೆ ಕಂಪ್ರೆಸ್ ಮಾಡುತ್ತೆ, ಜೊತೆಗೆ ಒಳಗಿರೋ ಮಾಹಿತಿನೂ ಕಿತ್ತು ಹಾಕ್ಬಹುದು. ಹಾಗಾಗಿ ಪೆನ್‌ಡ್ರೈವ್‌ನಲ್ಲಿ ಕಾಪಿ ಮಾಡಿ, ಇಲ್ಲಾ ಡಾಕ್ಯುಮೆಂಟ್ ಅಂತ ಕಳಿಸಿ. ಎರಡು ಲ್ಯಾಪ್‌ಟಾಪ್‌ನಲ್ಲಿ ಇರೋದು ಅಕ್ಷರಶಃ ಒಂದೇ ಫೈಲ್ ಅಂತ ಖಾತ್ರಿ ಮಾಡ್ಕೊಳ್ಳೋಕೆ ಫೋಟೋ ಇರೋ ಫೋಲ್ಡರ್‌ನಲ್ಲಿ ವಿಂಡೋಸ್‌ನ ಕಮಾಂಡ್ ಪ್ರಾಂಪ್ಟ್ ತೆಗೆದು ಮೊದಲನೇ ಸಾಲು, ಮ್ಯಾಕ್‌ನ ಟರ್ಮಿನಲ್ ತೆಗೆದು ಎರಡನೇ ಸಾಲು ಓಡಿಸಿ:

```
certutil -hashfile photo.jpg SHA256
shasum -a 256 photo.jpg
```

ಬರೋ ಉದ್ದದ ಅಕ್ಷರ-ಅಂಕಿ ಸಾಲು ಎರಡೂ ಕಡೆ ಒಂದೇ ಇದ್ರೆ ಫೈಲ್ ಒಂದೇ. ಒಂದು ಅಕ್ಷರ ಬೇರೆ ಇದ್ರೂ ಫೈಲ್ ಬೇರೆ, ಮತ್ತೆ ಕಾಪಿ ಮಾಡಿ.

ಇನ್ನೊಂದು ವಿಷ್ಯ, "ನನ್ನ ಸ್ಕ್ರೀನ್‌ನಲ್ಲಿ ಹೀಗೆ ಕಾಣುತ್ತೆ ನೋಡಿ" ಅಂತ ಸ್ಕ್ರೀನ್‌ಶಾಟ್ ಕಳಿಸ್ಬೇಡಿ. ಸ್ಕ್ರೀನ್‌ಶಾಟ್ ಹಿಡಿಯೋದು ಪ್ಯಾನೆಲ್‌ಗೆ ಹೋಗೋ ನಂಬರ್‌ಗಳನ್ನ, ಪ್ಯಾನೆಲ್ ಆಮೇಲೆ ಅದನ್ನ ಹೇಗೆ ತೋರಿಸ್ತು ಅನ್ನೋದು ಅದರಲ್ಲಿ ಬರೋದೇ ಇಲ್ಲ. ನಿಮ್ಮ ಸ್ಕ್ರೀನ್ ಹಳದಿ ಇದ್ರೂ ಸ್ಕ್ರೀನ್‌ಶಾಟ್ ಇನ್ನೊಬ್ಬರ ಹತ್ರ ಬಿಳಿಯಾಗೇ ಕಾಣುತ್ತೆ.

ತಾನಾಗೇ ಬಣ್ಣ, ಬೆಳಕು ಬದಲಾಯಿಸೋ ಎಲ್ಲಾನೂ ಆಫ್ ಮಾಡಿ

ಲ್ಯಾಪ್‌ಟಾಪ್‌ಗಳು ಈಗ ಕಣ್ಣಿಗೆ ಹಿತ ಅಂತಲೋ ಬ್ಯಾಟರಿ ಉಳಿಸೋಕೆ ಅಂತಲೋ ಸ್ಕ್ರೀನನ್ನ ನಿಮಗೆ ಹೇಳದೇನೇ ಬದಲಾಯಿಸ್ತಾ ಇರುತ್ತವೆ. ಮಾಮೂಲಿ ಕೆಲಸಕ್ಕೆ ಒಳ್ಳೇದೇ, ಫೋಟೋ ಹೋಲಿಸಿ ನೋಡೋಕೆ ಮಾತ್ರ ಆಗಲ್ಲ. ವಿಂಡೋಸ್‌ನಲ್ಲಿ `Settings > System > Display` ಗೆ ಹೋಗಿ `Night light` ಆಫ್ ಮಾಡಿ. ಅದಕ್ಕೆ ಟೈಮ್ ಸೆಟ್ ಆಗಿದ್ರೆ ಸಂಜೆ ಆಗ್ತಿದ್ದ ಹಾಗೆ ತಾನೇ ಮತ್ತೆ ಆನ್ ಆಗುತ್ತೆ, ಹಾಗಾಗಿ ಶೆಡ್ಯೂಲ್‌ನೂ ತೆಗೀರಿ. ಅಲ್ಲೇ `Brightness` ಪಕ್ಕದ ಬಾಣ ಒತ್ತಿದ್ರೆ ಒಳಗೆ ಬೆಳಕಿಗೆ ತಕ್ಕಂತೆ ಬ್ರೈಟ್‌ನೆಸ್ ಬದಲಾಯಿಸೋದು, ಕಂಟೆಂಟ್‌ಗೆ ತಕ್ಕಂತೆ ಬದಲಾಯಿಸೋದು ಅಂತ ಎರಡು ಆಯ್ಕೆ ಸಿಗ್ಬಹುದು, ಎಲ್ಲಾ ಲ್ಯಾಪ್‌ಟಾಪ್‌ನಲ್ಲಿ ಇರಲ್ಲ, ಇದ್ರೆ ಎರಡೂ ಆಫ್. `Use HDR` ಆನ್ ಇದ್ರೆ ಅದನ್ನೂ ಆಫ್ ಮಾಡಿ, ನಾವು ನೋಡ್ತಾ ಇರೋದು ಮಾಮೂಲಿ ಜೆಪೆಗ್‌ಗಳನ್ನ.

ಮ್ಯಾಕ್‌ನಲ್ಲಿ `System Settings > Displays` ಒಳಗೆ `True Tone`, `Automatically adjust brightness`, `Night Shift` ಮೂರೂ ಆಫ್. ನಮ್ಮ ಉದಾಹರಣೆಯ ಮೂರನೇ ಲ್ಯಾಪ್‌ಟಾಪ್ ಸಮಸ್ಯೆ ಇಲ್ಲೇ ಮುಗೀತು, `True Tone` ರೂಮಿನ ಹಳದಿ ಬಲ್ಬ್ ನೋಡ್ಕೊಂಡು ಸ್ಕ್ರೀನಿನ ಬಿಳಿನ ಅದಕ್ಕೆ ಹೊಂದಿಸ್ತಾ ಇತ್ತು. ಆಫ್ ಮಾಡಿದ ತಕ್ಷಣ ಗೋಡೆ ನೀಲಿಯಾಗಿ ಕಾಣ್ಬಹುದು, ಗಾಬರಿ ಬೇಡ, ಕಣ್ಣು ಇಷ್ಟೊತ್ತು ಹಳದಿಗೆ ಒಗ್ಗಿರುತ್ತೆ. ಕೆಲವು ನಿಮಿಷ ಕೊಟ್ಟು ಆಮೇಲೆ ನೋಡಿ.

ಇಷ್ಟೆಲ್ಲಾ ಆಫ್ ಮಾಡಿದ ಮೇಲೂ ಒಂದು ತಪ್ಪಿಸ್ಕೊಂಡು ಉಳಿಯುತ್ತೆ. ಗ್ರಾಫಿಕ್ಸ್ ಡ್ರೈವರ್ ಒಳಗೇನೇ ಬ್ಯಾಟರಿ ಉಳಿಸೋ ಆಯ್ಕೆ ಇರುತ್ತೆ, ಇಂಟೆಲ್‌ನಲ್ಲಿ `Display Power Savings`, ಎಎಮ್‌ಡಿಯಲ್ಲಿ `Vari-Bright` ಅಂತ. ಇದು ಚಾರ್ಜರ್ ಕಿತ್ತಾಗ ಕೆಲಸ ಶುರು ಮಾಡುತ್ತೆ. ಕಂಡುಹಿಡಿಯೋದು ಹೀಗೆ: ಚಾರ್ಜರ್ ಕಿತ್ತು, ಪೂರ್ತಿ ಬಿಳಿ ಇರೋ ಚಿತ್ರನ ಫುಲ್ ಸ್ಕ್ರೀನ್ ಮಾಡಿ, ಆಮೇಲೆ ರಾತ್ರಿ ತೆಗೆದ ಕತ್ತಲೆ ಫೋಟೋಗೆ ಹೋಗಿ ಕಣ್ಣು ಮಿಟುಕಿಸದೆ ನೋಡಿ. ಫೋಟೋ ಬಂದ ಮೇಲೆ ಒಂದೆರಡು ಸೆಕೆಂಡ್‌ನಲ್ಲಿ ನಿಧಾನಕ್ಕೆ ಸ್ಕ್ರೀನ್ ಬೆಳಕು ಜರುಗಿದ್ರೆ ಈ ಆಯ್ಕೆ ಆನ್ ಇದೆ ಅಂತ ಅರ್ಥ. ಆಫ್ ಮಾಡೋ ಜಾಗ ಸಿಗ್ಲಿಲ್ಲ ಅಂದ್ರೆ ವರ್ಕ್‌ಶಾಪ್ ಪೂರ್ತಿ ಚಾರ್ಜರ್ ಹಾಕಿಟ್ಕೊಳ್ಳಿ, ಹೇಗಿದ್ರೂ ಎಲ್ಲರೂ ಚಾರ್ಜರ್ ತರ್ಲೇಬೇಕು.

ಬ್ರೈಟ್‌ನೆಸ್ ಅಳೆಯೋಕೆ ನಿಮ್ಮ ಕ್ಯಾಮೆರಾನೇ ಸಾಕು

ಫೋಟೋ ಡಾರ್ಕ್ ಆಯ್ತು, ಲೈಟ್ ಆಯ್ತು ಅನ್ನೋ ಮಾತಿಗೆ ದೊಡ್ಡ ಕಾರಣ ಬ್ರೈಟ್‌ನೆಸ್. ಸ್ಲೈಡರ್ 50ಕ್ಕೆ ಇಡಿ ಅಂದ್ರೆ ಪ್ರಯೋಜನ ಇಲ್ಲ, ಒಂದು ಲ್ಯಾಪ್‌ಟಾಪ್‌ನ 50 ಇನ್ನೊಂದರ 80ಕ್ಕೆ ಸಮ ಇರ್ಬಹುದು. ಎಡಿಟಿಂಗ್‌ಗೆ ಸಾಮಾನ್ಯವಾಗಿ ಬಿಳಿ ಬಣ್ಣ 80ರಿಂದ 120 ಕ್ಯಾಂಡೆಲಾ ಪರ್ ಚದರ ಮೀಟರ್ ಇರ್ಲಿ ಅಂತಾರೆ, ಇದನ್ನೇ ನಿಟ್ಸ್ ಅಂತಾನೂ ಹೇಳ್ತಾರೆ. ಅಳೆಯೋ ಯಂತ್ರ ಎಲ್ಲರ ಹತ್ರ ಇರಲ್ಲ, ಕ್ಯಾಮೆರಾ ಇದ್ದೇ ಇರುತ್ತೆ, ಅದರ ಒಳಗೆ ಲೈಟ್ ಮೀಟರ್ ಇದೆ.

ಸ್ಕ್ರೀನ್ ತುಂಬಾ ಪೂರ್ತಿ ಬಿಳಿ ಚಿತ್ರ ಹಾಕಿ, ರೂಮಿನ ಲೈಟ್ ಸ್ಕ್ರೀನ್ ಮೇಲೆ ಬೀಳದ ಹಾಗೆ ನೋಡ್ಕೊಳ್ಳಿ. ಕ್ಯಾಮೆರಾ ಮ್ಯಾನ್ಯುವಲ್ ಮೋಡ್, ಐಎಸ್‌ಒ 100, ಅಪರ್ಚರ್ f/5.6, ಶಟರ್ 1/30. ಫೋಕಸ್ ಬೇಕಂತ ತಪ್ಪಿಸಿ, ಇಲ್ಲಾಂದ್ರೆ ಪಿಕ್ಸೆಲ್ ಗೆರೆಗಳು ಅಡ್ಡ ಬರುತ್ತವೆ. ಫ್ರೇಮ್ ಪೂರ್ತಿ ಬಿಳಿನೇ ತುಂಬೋ ಹಾಗೆ ಸ್ಕ್ರೀನ್‌ಗೆ ನೇರವಾಗಿ ಹಿಡಿದು ಮೀಟರ್ ಮುಳ್ಳು ನೋಡಿ. ಅದು ಸೊನ್ನೆಗೆ ಬರೋವರೆಗೂ ಲ್ಯಾಪ್‌ಟಾಪ್ ಬ್ರೈಟ್‌ನೆಸ್ ಏರಿಸಿ ಇಳಿಸಿ. ಸೊನ್ನೆಗೆ ಬಂದಾಗ ಸ್ಕ್ರೀನ್ ಸುಮಾರು 120ರಲ್ಲಿದೆ. ಲೆಕ್ಕ ಇದು:

```
L = 12.5 × N² ÷ (t × ISO)
12.5 × 31.4 ÷ (1/30 × 100) ≈ 118
```

ಇಲ್ಲಿ N ಅಂದ್ರೆ ಅಪರ್ಚರ್ ನಂಬರ್, t ಅಂದ್ರೆ ಶಟರ್ ಸಮಯ. ಅದೇ ಸೆಟ್ಟಿಂಗ್‌ನಲ್ಲಿ ಶಟರ್ 1/20 ಇಟ್ರೆ ಸುಮಾರು 80 ಬರುತ್ತೆ. 12.5 ಅನ್ನೋ ಅಂಕಿ ಎಲ್ಲಾ ಮೀಟರ್‌ಗೂ ಒಂದೇ ಅಲ್ಲ, ಲೆನ್ಸ್ ಕೂಡ ಸ್ವಲ್ಪ ಬೆಳಕು ತಿನ್ನುತ್ತೆ, ಹಾಗಾಗಿ ಇದು ಪಕ್ಕಾ 120 ಅಂತ ಹಿಡಿಯೋ ಹಾಗಿಲ್ಲ. ಆದ್ರೆ ನಮಗೆ ಬೇಕಿರೋದು ಎಲ್ಲಾ ಲ್ಯಾಪ್‌ಟಾಪ್ ಒಂದೇ ಮಟ್ಟಕ್ಕೆ ಬರೋದು, ಅದಕ್ಕೆ ಒಂದೇ ಕ್ಯಾಮೆರಾ ಒಂದೇ ಲೆನ್ಸ್‌ನಲ್ಲಿ ಎಲ್ಲವನ್ನೂ ಅಳೆದ್ರೆ ಆಯ್ತು. ವರ್ಕ್‌ಶಾಪ್ ದಿನ ಇದನ್ನ ನಾವೇ ಒಂದು ಕ್ಯಾಮೆರಾ ಇಟ್ಕೊಂಡು ಎಲ್ಲರದ್ದೂ ಮಾಡ್ತೀವಿ, ನೀವು ಮನೇಲಿ ಒಂದ್ಸಲ ಮಾಡಿ ಸ್ಲೈಡರ್ ಎಲ್ಲಿ ನಿಂತ್ಕೊಳ್ಳುತ್ತೆ ಅಂತ ಬರ್ಕೊಂಡು ಬನ್ನಿ. ಓಲೆಡ್ ಇರೋರು ಒಂದು ನೆನಪಿಟ್ಕೊಳ್ಳಿ, ಕೆಲವು ಓಲೆಡ್ ಸ್ಕ್ರೀನ್‌ಗಳು ಪೂರ್ತಿ ಬಿಳಿ ಹಾಕಿದಾಗ ತಾವೇ ಬೆಳಕು ತಗ್ಗಿಸ್ತವೆ, ಅದಕ್ಕೆ ಕಪ್ಪು ಹಿನ್ನೆಲೆ ಮೇಲೆ ಸಣ್ಣ ಬಿಳಿ ಚೌಕ ಹಾಕಿ ಹತ್ರದಿಂದ ಇನ್ನೊಂದ್ಸಲ ಅಳೀರಿ. ಎರಡೂ ಒಂದೇ ಬಂದ್ರೆ ಚಿಂತೆ ಇಲ್ಲ.

ಅಳೆಯೋಕೆ ಮುಂಚೆ ಸ್ಕ್ರೀನ್ ಅರ್ಧ ಗಂಟೆ ಆನ್ ಇರ್ಲಿ, ಆಗಷ್ಟೇ ಆನ್ ಮಾಡಿದ ಪ್ಯಾನೆಲ್ ಬೆಳಕು ನಿಲ್ಲೋಕೆ ಸ್ವಲ್ಪ ಹೊತ್ತು ಬೇಕು.

ಈಗ ಮುಖ್ಯ ಟೆಸ್ಟ್: ಒಂದೇ ಲ್ಯಾಪ್‌ಟಾಪ್, ಎರಡು ಆಪ್

ಇಷ್ಟಾದ ಮೇಲೂ ಎರಡು ಲ್ಯಾಪ್‌ಟಾಪ್ ನಡುವೆ ಬಣ್ಣ ಬೇರೆ ಅಂದ್ರೆ ತಕ್ಷಣ ಸ್ಕ್ರೀನ್ ಮೇಲೆ ತಪ್ಪು ಹಾಕ್ಬೇಡಿ. ಒಂದೇ ಲ್ಯಾಪ್‌ಟಾಪ್‌ನಲ್ಲಿ ಅದೇ ಫೈಲನ್ನ ಎಡಿಟಿಂಗ್ ಸಾಫ್ಟ್‌ವೇರ್‌ನಲ್ಲಿ ಒಂದ್ಸಲ, ನೀವು ಯಾವಾಗ್ಲೂ ಫೋಟೋ ನೋಡೋ ವ್ಯೂವರ್‌ನಲ್ಲಿ ಒಂದ್ಸಲ ತೆಗೆದು ಪಕ್ಕಪಕ್ಕ ಇಡಿ. ಸ್ಕ್ರೀನ್ ಒಂದೇ, ಫೈಲ್ ಒಂದೇ, ಆದ್ರೂ ಎರಡು ಕಿಟಕಿಯಲ್ಲಿ ಬಣ್ಣ ಬೇರೆ ಅಂದ್ರೆ ಸಮಸ್ಯೆ ಆಪ್‌ನಲ್ಲಿ ಇಲ್ಲಾ ಫೈಲ್‌ನಲ್ಲಿ. ಎರಡೂ ಕಿಟಕಿ ಒಂದೇ ಥರ ಇದ್ದು, ಪಕ್ಕದವರ ಲ್ಯಾಪ್‌ಟಾಪ್‌ಗೆ ಮಾತ್ರ ಹೊಂದ್ತಿಲ್ಲ ಅಂದ್ರೆ ಸಮಸ್ಯೆ ಸ್ಕ್ರೀನ್‌ನಲ್ಲಿ ಇಲ್ಲಾ ಅದರ ಪ್ರೊಫೈಲ್‌ನಲ್ಲಿ, ಪ್ರೊಫೈಲ್ ಅಂದ್ರೆ ಆ ಸ್ಕ್ರೀನ್ ಬಣ್ಣಗಳನ್ನ ಹೇಗೆ ತೋರಿಸುತ್ತೆ ಅಂತ ಕಂಪ್ಯೂಟರ್‌ಗೆ ಹೇಳೋ ಫೈಲ್. ಈ ಒಂದು ಟೆಸ್ಟ್ ಅರ್ಧ ಕೆಲಸ ಮುಗಿಸುತ್ತೆ.

ಎರಡನೇ ಲ್ಯಾಪ್‌ಟಾಪ್ ತಗೊಳ್ಳಿ, ಓಲೆಡ್ ಇರೋದು. ಎಡಿಟರ್‌ನಲ್ಲಿ ಮುಖ ಸರಿಯಾಗಿತ್ತು, ವ್ಯೂವರ್‌ನಲ್ಲಿ ಕಿತ್ತಳೆ. ಕಾರಣ ಏನಂದ್ರೆ ಈ ಪ್ಯಾನೆಲ್ ತೋರಿಸೋ ಕೆಂಪು ವೆಬ್ ಮತ್ತೆ ಮಾಮೂಲಿ ಸ್ಕ್ರೀನ್‌ಗಳು ಬಳಸೋ ಎಸ್‌ಆರ್‌ಜಿಬಿ ಅನ್ನೋ ಬಣ್ಣದ ಅಳತೆಯ ಕೆಂಪಿಗಿಂತ ತುಂಬಾ ಗಾಢ. ಎಡಿಟರ್ ಫೈಲಿನ ನಂಬರ್‌ಗಳ ಅರ್ಥ ಹೇಳೋ ಪ್ರೊಫೈಲ್ ಇಲ್ಲಾ ಗುರುತು ಓದಿ, ಸ್ಕ್ರೀನಿನ ಪ್ರೊಫೈಲ್ ಓದಿ, ನಡುವೆ ಲೆಕ್ಕ ಹಾಕಿ ನಂಬರ್ ಇಳಿಸಿ ಕಳಿಸುತ್ತೆ. ವ್ಯೂವರ್ ಅದ್ಯಾವುದನ್ನೂ ಮಾಡದೆ ಫೈಲ್‌ನಲ್ಲಿರೋ ನಂಬರ್‌ನ ಹಾಗೇ ಪ್ಯಾನೆಲ್‌ಗೆ ಎಸೆಯುತ್ತೆ, ಅದಕ್ಕೆ ಸ್ವೆಟರ್ ಕಣ್ಣಿಗೆ ಹೊಡೀತಾ ಇತ್ತು. ಪರಿಹಾರ ಸುಲಭ, ಹೋಲಿಸಿ ನೋಡೋಕೆ ಎಲ್ಲರೂ ಹೀಗೆ ಪ್ರೊಫೈಲ್ ಓದಿ ಲೆಕ್ಕ ಹಾಕೋ, ಅಂದ್ರೆ ಕಲರ್ ಮ್ಯಾನೇಜ್ಮೆಂಟ್ ಇರೋ ಆಪ್‌ನಲ್ಲೇ ತೆರೀಬೇಕು, ಸಾಧ್ಯ ಆದ್ರೆ ಎಲ್ಲರೂ ಒಂದೇ ಆಪ್. ಫೈರ್‌ಫಾಕ್ಸ್ ಬಳಸೋರು `about:config` ನಲ್ಲಿ `gfx.color_management.mode` ಹುಡುಕಿ ಬೆಲೆ 1 ಮಾಡಿ. ಮಾಮೂಲಾಗಿ ಅದು 2 ಇರುತ್ತೆ, ಅಂದ್ರೆ ಪ್ರೊಫೈಲ್ ಇರೋ ಚಿತ್ರಗಳನ್ನ ಮಾತ್ರ ಸರಿ ಮಾಡಿ ತೋರಿಸುತ್ತೆ, 1 ಇಟ್ರೆ ಪ್ರೊಫೈಲ್ ಇಲ್ಲದ್ದನ್ನೂ ಎಸ್‌ಆರ್‌ಜಿಬಿ ಅಂತ ಹಿಡಿದು ತೋರಿಸುತ್ತೆ. ಬದಲಾಯಿಸಿದ ಮೇಲೆ ಬ್ರೌಸರ್ ಮುಚ್ಚಿ ತೆಗೀರಿ.

ಒಂದ್ವೇಳೆ ಅದೇ ಓಲೆಡ್‌ನಲ್ಲಿ ಎಡಿಟರ್‌ನಲ್ಲೂ ಮುಖ ಕಿತ್ತಳೆನೇ ಇದ್ರೆ? ಆಗ ವಿಂಡೋಸ್‌ಗೆ ಸ್ಕ್ರೀನಿನ ಪ್ರೊಫೈಲ್ ತಪ್ಪು ಹೇಳಿದೀವಿ ಅಂತ. ವಿಂಡೋಸ್ ಕೀ ಜೊತೆ R ಒತ್ತಿ `colorcpl` ಅಂತ ಟೈಪ್ ಮಾಡಿ, `Devices` ಟ್ಯಾಬ್‌ನಲ್ಲಿ ನಿಮ್ಮ ಸ್ಕ್ರೀನ್ ಆರಿಸಿ ಯಾವ ಪ್ರೊಫೈಲ್ ಡೀಫಾಲ್ಟ್ ಅಂತ ನೋಡಿ. ಫೋಟೋಗಳು ಹಳದಿ ಕಾಣ್ತವೆ ಅಂದಾಗ ಇಲ್ಲಿ `sRGB IEC61966-2.1` ಹಾಕ್ಬಿಡಿ ಅನ್ನೋ ಸಲಹೆ ತುಂಬಾ ಓಡಾಡುತ್ತೆ. ಮಾಮೂಲಿ ಪ್ಯಾನೆಲ್‌ಗೆ, ಕಂಪನಿ ಕೊಟ್ಟ ಪ್ರೊಫೈಲ್ ಕೆಟ್ಟಿದ್ದಾಗ, ಅದು ನಡೆಯುತ್ತೆ. ಆದ್ರೆ ಎಸ್‌ಆರ್‌ಜಿಬಿಗಿಂತ ಜಾಸ್ತಿ ಬಣ್ಣ ತೋರಿಸೋ ವೈಡ್ ಗ್ಯಾಮಟ್ ಪ್ಯಾನೆಲ್‌ಗೆ ಅದನ್ನ ಹಾಕಿದ್ರೆ ಎಡಿಟರ್‌ಗೆ "ಈ ಸ್ಕ್ರೀನ್ ಎಸ್‌ಆರ್‌ಜಿಬಿನೇ" ಅಂತ ಸುಳ್ಳು ಹೇಳಿದ ಹಾಗೆ, ಅದು ನಂಬರ್ ಇಳಿಸೋದನ್ನೇ ನಿಲ್ಲಿಸ್ಬಿಡುತ್ತೆ. ಅಂಥ ಲ್ಯಾಪ್‌ಟಾಪ್‌ಗಳಿಗೆ ಎರಡೇ ದಾರಿ. ಒಂದು, ಕಂಪನಿ ಕೊಟ್ಟ ಪ್ರೊಫೈಲ್ ಅಥವಾ ಸ್ಕ್ರೀನ್ ಬಣ್ಣ ಅಳೆಯೋ ಕ್ಯಾಲಿಬ್ರೇಟರ್ ಹಾಕಿ ಮಾಡಿದ ಪ್ರೊಫೈಲ್ ಇಟ್ಕೊಳ್ಳೋದು. ಇಲ್ಲಾಂದ್ರೆ ಲ್ಯಾಪ್‌ಟಾಪ್ ಜೊತೆ ಬಂದಿರೋ ಡಿಸ್‌ಪ್ಲೇ ಆಪ್‌ನಲ್ಲಿ ಪ್ಯಾನೆಲನ್ನೇ ಎಸ್‌ಆರ್‌ಜಿಬಿ ಮೋಡ್‌ಗೆ ಹಾಕಿ, ಆಗ `colorcpl` ನಲ್ಲೂ ಎಸ್‌ಆರ್‌ಜಿಬಿ ಇಡೋದು. ಮೋಡ್ ಮತ್ತೆ ಪ್ರೊಫೈಲ್ ಜೋಡಿಯಾಗೇ ಬದಲಾಗ್ಬೇಕು, ಒಂದನ್ನ ಬದಲಾಯಿಸಿ ಇನ್ನೊಂದನ್ನ ಬಿಟ್ರೆ ಮೊದಲಿಗಿಂತ ಕೆಡುತ್ತೆ. ಇನ್ನೊಬ್ಬರ ಲ್ಯಾಪ್‌ಟಾಪ್‌ನ ಪ್ರೊಫೈಲ್ ತಂದು ಹಾಕೋದಂತೂ ಬೇಡವೇ ಬೇಡ, ಮಾಡೆಲ್ ಒಂದೇ ಇದ್ರೂ ಪ್ಯಾನೆಲ್ ಬೇರೆ ಇರ್ಬಹುದು.

ಮಂಕಾದ ಸ್ವೆಟರ್

ಮೊದಲನೇ ಲ್ಯಾಪ್‌ಟಾಪ್ ಉಳೀತು. ಇಲ್ಲೂ ಎಡಿಟರ್‌ನಲ್ಲಿ ಸ್ವೆಟರ್ ಕೆಂಪಾಗೇ ಇತ್ತು, ವ್ಯೂವರ್‌ನಲ್ಲಿ ಮಂಕು. ಎರಡನೇದರ ಉಲ್ಟಾ ಲಕ್ಷಣ, ಹಾಗಾಗಿ ಕಾರಣನೂ ಬೇರೆ ಕಡೆ ಇರ್ಬೇಕು. ಇಲ್ಲಿ ಫೈಲಿನ ಹೆಸರೇ ಸುಳಿವು ಕೊಡ್ತು, `_DSC` ಅಂತ ಅಂಡರ್‌ಸ್ಕೋರ್‌ನಿಂದ ಶುರುವಾಗಿತ್ತು. ಕ್ಯಾಮೆರಾ ಮೆನುವಿನಲ್ಲಿ ಕಲರ್ ಸ್ಪೇಸ್‌ನ ಎಸ್‌ಆರ್‌ಜಿಬಿಗಿಂತ ಜಾಸ್ತಿ ಬಣ್ಣ ಹಿಡಿಯೋ ಅಡೋಬಿ ಆರ್‌ಜಿಬಿಗೆ ಇಟ್ಟಿದ್ರೆ ತುಂಬಾ ಕ್ಯಾಮೆರಾಗಳು ಫೈಲ್ ಹೆಸರಿನ ಮುಂದೆ ಹೀಗೆ ಅಂಡರ್‌ಸ್ಕೋರ್ ಹಾಕ್ತವೆ. ಖಾತ್ರಿಗೆ ಫೋಟೋ ಒಳಗಿನ ಮಾಹಿತಿ ತೋರಿಸೋ ಎಕ್ಸಿಫ್‌ಟೂಲ್ ಹಾಕ್ಕೊಂಡು ಓಡಿಸಿ:

```
exiftool -ColorSpace -InteropIndex -ProfileDescription photo.jpg
```

ಅದರಲ್ಲಿ `Uncalibrated` ಮತ್ತೆ `R03` ಅಂತ ಬಂದು, `Profile Description` ಸಾಲೇ ಬರ್ಲಿಲ್ಲ ಅಂದ್ರೆ ಇದು ಕ್ಯಾಮೆರಾದಿಂದ ನೇರ ಬಂದ ಅಡೋಬಿ ಆರ್‌ಜಿಬಿ ಜೆಪೆಗ್, ಒಳಗೆ ಪ್ರೊಫೈಲ್ ಸೇರ್ಸಿಲ್ಲ, ಬರೀ ಒಂದು ಗುರುತು ಮಾತ್ರ ಇದೆ. ಆ ಗುರುತು ಓದೋ ಆಪ್ ಸರಿಯಾಗಿ ತೋರಿಸುತ್ತೆ, ಓದದ ಆಪ್ ಎಸ್‌ಆರ್‌ಜಿಬಿ ಅಂತ ಅಂದ್ಕೊಂಡು ತೋರಿಸುತ್ತೆ. ಅದರಿಂದ ಮಂಕಾಗೋದು ಹೇಗೆ ಅಂತ ಒಂದು ಅಂಕಿಯಲ್ಲಿ ನೋಡಿ. ಎಸ್‌ಆರ್‌ಜಿಬಿಯಲ್ಲಿ 255,0,0 ಇರೋ ಕೆಂಪು, ಅದೇ ಕೆಂಪು, ಅಡೋಬಿ ಆರ್‌ಜಿಬಿಯಲ್ಲಿ 219,0,0 ಅಂತ ಬರ್ಕೊಳ್ಳುತ್ತೆ. ಗುರುತು ಓದದ ವ್ಯೂವರ್ ಆ 219ನ್ನ ಎಸ್‌ಆರ್‌ಜಿಬಿಯ 219 ಅಂತ ತಗೊಂಡ್ರೆ ಕೆಂಪು ಅಷ್ಟು ಕೆಳಗೆ ಇಳಿದು ಹೋಯ್ತು.

ಸರಿ ಮಾಡೋಕೆ ಫೋಟೋಶಾಪ್‌ನಲ್ಲಿ `Edit > Convert to Profile` ಗೆ ಹೋಗಿ ಎಸ್‌ಆರ್‌ಜಿಬಿ ಆರಿಸಿ. ಪಕ್ಕದಲ್ಲೇ `Assign Profile` ಅಂತ ಇದೆ, ಅದನ್ನ ಮುಟ್ಬೇಡಿ. `Convert` ನಂಬರ್ ಬದಲಾಯಿಸಿ ಬಣ್ಣ ಉಳಿಸುತ್ತೆ, `Assign` ನಂಬರ್ ಹಾಗೇ ಬಿಟ್ಟು ಅದರ ಅರ್ಥ ಬದಲಾಯಿಸುತ್ತೆ, ಹಾಗಾಗಿ ಅಡೋಬಿ ಆರ್‌ಜಿಬಿ ಫೈಲ್‌ಗೆ ಎಸ್‌ಆರ್‌ಜಿಬಿ `Assign` ಮಾಡಿದ್ರೆ ಆ ಮಂಕುತನ ಎಲ್ಲಾ ಆಪ್‌ನಲ್ಲೂ ಕಾಯಂ ಆಗುತ್ತೆ. ಗಿಂಪ್‌ನಲ್ಲೂ `Image > Color Management` ಒಳಗೆ ಇದೇ ಎರಡು ಕೆಲಸ ಬೇರೆ ಬೇರೆ ಆಯ್ಕೆಯಾಗಿ ಇವೆ.

ಇದಾದ ಮೇಲೆ ಮೊದಲನೇ ಲ್ಯಾಪ್‌ಟಾಪ್‌ನಲ್ಲಿ ಸ್ವೆಟರ್ ಕೆಂಪಾಯ್ತು, ಆದ್ರೂ ಮ್ಯಾಕ್ ಪಕ್ಕ ಇಟ್ರೆ ಇನ್ನೂ ಸ್ವಲ್ಪ ಸಪ್ಪೆ, ಎರಡು ಆಪ್‌ನಲ್ಲೂ ಒಂದೇ ಥರ ಸಪ್ಪೆ. ಇದು ಪ್ಯಾನೆಲ್‌ನ ಮಿತಿ. ಲ್ಯಾಪ್‌ಟಾಪ್ ವಿವರದಲ್ಲಿ 45% ಎನ್‌ಟಿಎಸ್‌ಸಿ ಅಂತ ಬರೆದಿದ್ರೆ ಆ ಸ್ಕ್ರೀನ್ ಎಸ್‌ಆರ್‌ಜಿಬಿಯ ಸುಮಾರು ಮೂರರಲ್ಲಿ ಎರಡು ಭಾಗ ಮಾತ್ರ ತೋರಿಸುತ್ತೆ, ಯಾವ ಸೆಟ್ಟಿಂಗ್ ಮಾಡಿದ್ರೂ ಇಲ್ಲದ ಕೆಂಪು ಬರಲ್ಲ, ಕ್ಯಾಲಿಬ್ರೇಟ್ ಮಾಡಿದ್ರೂ ಬರಲ್ಲ. ಅಂಥ ಲ್ಯಾಪ್‌ಟಾಪ್ ತರ್ಬೇಡಿ ಅಂತ ನಾನು ಹೇಳ್ತಿಲ್ಲ, ದಯವಿಟ್ಟು ತನ್ನಿ. ಕ್ರಾಪ್, ಕಾಂಟ್ರಾಸ್ಟ್, ನೆರಳಿನ ಡೀಟೇಲ್ ಎಲ್ಲಾ ಅದರಲ್ಲಿ ಚೆನ್ನಾಗೇ ನೋಡ್ಬಹುದು, ಸ್ಯಾಚುರೇಷನ್ ಬಗ್ಗೆ ಮಾತ್ರ ಅದರಲ್ಲಿ ನೋಡಿ ತೀರ್ಮಾನ ಮಾಡೋದು ಬೇಡ. ಹಳೇ ಟಿಎನ್ ಪ್ಯಾನೆಲ್ ಆಗಿದ್ರೆ ಇನ್ನೊಂದು ತೊಂದರೆ, ಮುಚ್ಚಳನ ಹಿಂದೆ ಮುಂದೆ ಬಾಗಿಸ್ತಾ ಬೂದು ಬಣ್ಣದ ಚಿತ್ರ ನೋಡಿ, ಬೂದು ಕಪ್ಪಾಗ್ತಾ ಬೆಳ್ಳಗಾಗ್ತಾ ಇದ್ರೆ ಅದರ ಮುಂದೆ ಒಬ್ಬರೇ ನೇರ ಕೂತು ನೋಡ್ಬೇಕು, ನಾಲ್ಕು ಜನ ಸುತ್ತ ನಿಂತು ನೋಡೋದಲ್ಲ.

ನೆರಳು ಸರಿ ಕಾಣುತ್ತಾ ಅಂತ ನೋಡೋಕೆ ಒಂದು ಸಣ್ಣ ಚಿತ್ರ ಮನೇಲೇ ಮಾಡ್ಕೊಳ್ಳಿ. ಪೂರ್ತಿ ಕಪ್ಪು ಹಿನ್ನೆಲೆ ಮೇಲೆ ಬೆಲೆ 5, 10, 15, 20 ಇರೋ ನಾಲ್ಕು ಬೂದು ಚೌಕ, ಅದರ ಪಕ್ಕ ಪೂರ್ತಿ ಬಿಳಿ ಮೇಲೆ 250, 245, 240. ಮಬ್ಬು ಬೆಳಕಿನ ರೂಮಲ್ಲಿ 10ರ ಚೌಕನಾದ್ರೂ ಕಪ್ಪಿನಿಂದ ಬೇರೆಯಾಗಿ ಕಾಣ್ಬೇಕು, 245 ಬಿಳಿಯಿಂದ ಬೇರೆಯಾಗಿ ಕಾಣ್ಬೇಕು. 20ರವರೆಗೂ ಎಲ್ಲಾ ಒಂದೇ ಕಪ್ಪು ಅಂದ್ರೆ ಆ ಲ್ಯಾಪ್‌ಟಾಪ್‌ನಲ್ಲಿ ಕೂತು "ಕೂದಲಲ್ಲಿ ಡೀಟೇಲ್ ಹೋಗಿದೆ" ಅನ್ನೋದಕ್ಕೆ ಮುಂಚೆ ಪಕ್ಕದ ಸ್ಕ್ರೀನ್ ನೋಡಿ.

ವರ್ಕ್‌ಶಾಪ್‌ಗೆ ತರೋ ಫೈಲ್ ಬಗ್ಗೆ: ಎಸ್‌ಆರ್‌ಜಿಬಿಗೆ ಕನ್ವರ್ಟ್ ಮಾಡಿದ ಜೆಪೆಗ್, ಪ್ರೊಫೈಲ್ ಒಳಗೆ ಸೇರ್ಸಿರ್ಬೇಕು. ಫೋಟೋಶಾಪ್‌ನ `Export As` ನಲ್ಲಿ `Convert to sRGB` ಮತ್ತೆ `Embed Color Profile` ಎರಡಕ್ಕೂ ಟಿಕ್ ಹಾಕಿ, ಲೈಟ್‌ರೂಮ್ ಕ್ಲಾಸಿಕ್‌ನಲ್ಲಿ ಎಕ್ಸ್‌ಪೋರ್ಟ್ ಮಾಡುವಾಗ `Color Space` ಗೆ ಎಸ್‌ಆರ್‌ಜಿಬಿ ಆರಿಸಿ. ಎಕ್ಸ್‌ಪೋರ್ಟ್ ಆದ ಫೈಲ್ ಮೇಲೆ ಮೇಲಿನ ಎಕ್ಸಿಫ್‌ಟೂಲ್ ಸಾಲು ಒಂದ್ಸಲ ಓಡಿಸಿ, `Profile Description` ಸಾಲಲ್ಲಿ ಎಸ್‌ಆರ್‌ಜಿಬಿ ಹೆಸರು ಬಂದ್ರೆ ಪೆನ್‌ಡ್ರೈವ್‌ಗೆ ಹಾಕ್ಕೊಳ್ಳಿ. ಡೆಸ್ಕ್‌ಟಾಪ್ ವಾಲ್‌ಪೇಪರ್ 128,128,128 ಬೂದು ಮಾಡಿ, ಕಲರ್‌ಫುಲ್ ವಾಲ್‌ಪೇಪರ್ ಪಕ್ಕ ಇದ್ರೆ ಕಣ್ಣು ಫೋಟೋ ಬಣ್ಣನ ಬೇರೆ ಥರ ಓದುತ್ತೆ. ಶಾರ್ಪ್‌ನೆಸ್ ನೋಡುವಾಗ ಎಲ್ಲರೂ ಝೂಮ್ 100%ಗೆ ಇಡಿ. ಚಾರ್ಜರ್, ಪೆನ್‌ಡ್ರೈವ್, ಸ್ಲೈಡರ್ ನಿಂತ ಜಾಗ ಬರ್ಕೊಂಡಿರೋ ಚೀಟಿ ಬ್ಯಾಗಲ್ಲಿ ಇರ್ಲಿ, ಅರ್ಧ ಗಂಟೆ ಮುಂಚೆ ಬಂದು ಲ್ಯಾಪ್‌ಟಾಪ್ ಆನ್ ಮಾಡಿಟ್ರೆ ಶುರು ಆಗೋ ಹೊತ್ತಿಗೆ ಬ್ರೈಟ್‌ನೆಸ್ ಅಳೆಯೋಕೆ ರೆಡಿ ಇರುತ್ತೆ.